ಮನೆಯಲ್ಲಿ ಮೂರು ಭಾಷೆ, ಮಗುವಿನ ಮಾತು ತಡ: ಪದ ಎಣಿಸುವುದು ಹೇಗೆ, ಪರೀಕ್ಷೆ ಯಾವಾಗ?

ಮಗುವಿಗೆ ಎರಡು ವರ್ಷ ತುಂಬಿದೆ, ಮಾತು ಮಾತ್ರ ಇನ್ನೂ ಸರಿಯಾಗಿ ಬಂದಿಲ್ಲ. ಮನೆಯಲ್ಲಿ ಎರಡು ಮೂರು ಭಾಷೆ ಇದ್ದರೆ ಸುತ್ತಲಿನವರು ಎರಡು ಬಗೆಯ ಸಲಹೆ ಕೊಡುತ್ತಾರೆ. ‘ಭಾಷೆ ಜಾಸ್ತಿ ಆಗಿ ಗೊಂದಲ ಆಗಿದೆ, ಒಂದನ್ನು ಬಿಟ್ಟುಬಿಡಿ’ ಎನ್ನುವವರು ಕೆಲವರು. ‘ಅಂಥ ಮನೆಯ ಮಕ್ಕಳು ಮಾತಾಡೋದೇ ತಡ, ಕಾಯಿರಿ’ ಎನ್ನುವವರು ಇನ್ನು ಕೆಲವರು. ಎರಡೂ ಸರಿಯಲ್ಲ. ಹಲವು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಮೊದಲ ಪದ ಆಡುವುದು, ಎರಡು ಪದ ಜೋಡಿಸುವುದು ಈ ಮಕ್ಕಳಲ್ಲೂ ಒಂದೇ ಭಾಷೆಯ ಮಕ್ಕಳ ವಯಸ್ಸಿನಲ್ಲೇ ಶುರುವಾಗುತ್ತದೆ. ನನಗೆ ಹೆಚ್ಚು ಭಯ ಆಗುವುದು ಎರಡನೇ ಸಲಹೆಯಿಂದ. ನಿಜವಾದ ತೊಂದರೆ ಇರುವ ಮಗುವಿಗೆ ಅದರಿಂದ ತಿಂಗಳುಗಟ್ಟಲೆ ಸಹಾಯ ತಪ್ಪಿಹೋಗುತ್ತದೆ.

ಹಾಗಾದರೆ ಕಾಯಬೇಕೋ, ತೋರಿಸಬೇಕೋ? ಊಹೆ ಬಿಟ್ಟು ಎಣಿಸಿ ನೋಡುವುದು ಒಳ್ಳೆಯದು.

ಮೊದಲು ಪಟ್ಟಿ ಮಾಡಿ

ಒಂದು ವಾರ ಅಡುಗೆಮನೆಯಲ್ಲಿ ಕಾಗದ, ಪೆನ್ನು ಇಟ್ಟುಕೊಳ್ಳಿ. ಮಗು ತಾನಾಗಿ ಆಡಿದ ಪ್ರತಿ ಪದವನ್ನೂ, ಅದು ಯಾವ ಭಾಷೆ ಎಂದೂ ಬರೆಯಿರಿ. ಅಪ್ಪ, ಅಮ್ಮ, ಅಜ್ಜಿ, ಮಗುವನ್ನು ನೋಡಿಕೊಳ್ಳುವವರು, ಎಲ್ಲರೂ ಸೇರಿಸಬೇಕು. ಅಪ್ಪನ ಜೊತೆ ಮಾತ್ರ ಬರುವ ಪದ ಅಮ್ಮನ ಕಿವಿಗೆ ಬಿದ್ದೇ ಇರುವುದಿಲ್ಲ. ಬರೀ ಒಬ್ಬರ ಪಟ್ಟಿ ಯಾವಾಗಲೂ ಚಿಕ್ಕದು.

ಪದ ಎಂದರೆ ಯಾವುದು? ಉಚ್ಚಾರಣೆ ಸರಿಯಿರಬೇಕಿಲ್ಲ. ಒಂದೇ ವಸ್ತುವಿಗೆ ಪ್ರತಿ ಸಲವೂ ಒಂದೇ ಶಬ್ದ ಬಳಸಿದರೆ ಅದು ಪದ. ಚೆಂಡು ನೋಡಿದಾಗಲೆಲ್ಲ ‘ಎಂಡು’ ಎಂದರೆ ಎಣಿಸಿ. ನಾಯಿಗೆ ‘ಬೌ ಬೌ’ ಎಂದರೂ ಎಣಿಸಿ. ನೀವು ಹೇಳಿದ್ದನ್ನು ಆ ಕ್ಷಣಕ್ಕೆ ಹಿಂದಿರುಗಿ ಹೇಳಿ, ಆಮೇಲೆ ತಾನಾಗಿ ಬಳಸದಿದ್ದರೆ ಎಣಿಸಬೇಡಿ.

ಎಲ್ಲ ಭಾಷೆಯನ್ನೂ ಕೂಡಿಸಿ

ಅಳತೆಗೋಲು ಇಷ್ಟು: 24 ತಿಂಗಳಿಗೆ ಕನಿಷ್ಠ 50 ಪದ, ಜೊತೆಗೆ ಎರಡು ಪದ ಜೋಡಿಸಿ ಆಡುವುದು. ಇದು ಸರಾಸರಿಯಲ್ಲ, ಕೆಳಗಿನ ಗೆರೆ. ಆ ವಯಸ್ಸಿನ ಬಹುಪಾಲು ಮಕ್ಕಳು ಇದಕ್ಕಿಂತ ಬಹಳ ಜಾಸ್ತಿ ಆಡುತ್ತಾರೆ. ಹಲವು ಭಾಷೆಯ ಮಗುವಿಗೂ ಇದೇ ಗೆರೆ, ಆದರೆ ಎಲ್ಲ ಭಾಷೆಯ ಪದಗಳ ಮೊತ್ತಕ್ಕೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎರಡು ವರ್ಷ ಒಂದು ತಿಂಗಳಿನ ಹುಡುಗಿ. ಅಮ್ಮನದು ಕನ್ನಡ, ಅಪ್ಪನದು ತಮಿಳು, ಹಗಲು ಇರುವ ಡೇ ಕೇರ್‌ನಲ್ಲಿ ಇಂಗ್ಲಿಷ್. ಪಟ್ಟಿಯಲ್ಲಿ ಕನ್ನಡದ 27, ತಮಿಳಿನ 21, ಇಂಗ್ಲಿಷಿನ 12 ಪದ. ಕೂಡಿಸಿದರೆ 60. ಆದರೆ ಅಮ್ಮ, ಅಪ್ಪ, ನಾಯಿ, ಕಾರ್ ಥರದ ಪದಗಳು ಮಗುವಿನ ಬಾಯಲ್ಲಿ ಯಾವ ಭಾಷೆಯಲ್ಲೂ ಒಂದೇ. ಅಂಥವನ್ನು ಒಂದೇ ಸಲ ಎಣಿಸಬೇಕು. ಹೀಗೆ ಎರಡು ಸಲ ಬಂದಿದ್ದ 8 ಪದ ತೆಗೆದರೆ 52 ಉಳಿಯುತ್ತದೆ. ‘ನೀರು’ ಮತ್ತು ‘ತಣ್ಣಿ’ ಬೇರೆ ಬೇರೆ ಶಬ್ದ. ಅವು ಎರಡು ಪದ. ಎರಡಕ್ಕೂ ಅರ್ಥ ಒಂದೇ ಎಂದು ಒಂದನ್ನು ಬಿಟ್ಟರೆ ಮಗು ಕಲಿತದ್ದನ್ನೇ ಅಳಿಸಿದಂತೆ.

ಕನ್ನಡ ಮಾತ್ರ ನೋಡಿದ್ದರೆ ಈ ಮಗು 27ರಲ್ಲಿ ನಿಂತಿದೆ, ತುಂಬಾ ಹಿಂದಿದೆ ಅನ್ನಿಸುತ್ತಿತ್ತು. ಮೊತ್ತ ನೋಡಿದರೆ ಗೆರೆ ದಾಟಿದೆ.

ಆಮೇಲೆ ಜೋಡಿ ಪದ ಹುಡುಕಿ

ಹುಡುಗಿ ಎರಡು ಪದ ಸೇರಿಸುತ್ತಾಳೆಯೇ? ಅಮ್ಮನ ಪ್ರಕಾರ ಹೌದು: ‘ಬೈ ಬೈ’, ‘ಥ್ಯಾಂಕ್ ಯು’, ‘ಎಲ್ಲಾ ಹೋಯ್ತು’. ಆದರೆ ಇವೆಲ್ಲ ಇಡಿಯಾಗಿ ಬಾಯಿಪಾಠ ಆದ ತುಣುಕುಗಳು. ‘ಹೋಯ್ತು’ ಎಂಬುದನ್ನು ಅವಳು ಬೇರೆಲ್ಲೂ ಬಿಡಿಯಾಗಿ ಬಳಸುವುದಿಲ್ಲ. ಇವು ಜೋಡಣೆ ಅಲ್ಲ. ‘ಅಪ್ಪ ವಾ’, ‘ಅಮ್ಮ ವಾ’, ‘ನಾಯಿ ವಾ’ ಎಂದು ಒಂದು ಪದ ಬದಲಿಸಿ ಆಡಿದ್ದರೆ ಅದು ಜೋಡಣೆ. ‘ಮೋರ್ ಹಾಲು’ ಎಂದು ಎರಡು ಭಾಷೆ ಬೆರೆಸಿದ್ದರೂ ಪೂರ್ತಿ ಅಂಕ. ಬೆರಕೆ ಮಾತು ಗೊಂದಲದ ಗುರುತಲ್ಲ. ಇದ್ದ ಪದದಲ್ಲಿ ಕೆಲಸ ಸಾಗಿಸುವ ಜಾಣತನ ಅದು, ದೊಡ್ಡವರೂ ಮಾಡುತ್ತಾರೆ ಅಲ್ವಾ?

ಹಾಗಾಗಿ ಈ ಹುಡುಗಿ ಪದದ ಗೆರೆಯನ್ನು ಸ್ವಲ್ಪದರಲ್ಲಿ ದಾಟಿದ್ದಾಳೆ, ಜೋಡಣೆಯದನ್ನು ದಾಟಿಲ್ಲ. ಒಂದು ದಾಟದಿದ್ದರೂ ಪರೀಕ್ಷೆ ಮಾಡಿಸುವುದು ಸರಿ.

ಮಾತಿನ ಹಿಂದೆ ಇರುವುದನ್ನು ನೋಡಿ

ಇಲ್ಲಿ ಗಾಬರಿ ಎಷ್ಟು ಬೇಕು ಎನ್ನುವುದು ಇನ್ನೆರಡು ವಿಷಯದ ಮೇಲೆ ನಿಂತಿದೆ. ಒಂದು, ಅರ್ಥ ಮಾಡಿಕೊಳ್ಳುವುದು. ಕೈ ತೋರಿಸದೆ, ಆ ಕಡೆ ನೋಡದೆ ‘ನಿನ್ನ ಚಪ್ಪಲಿ ತಗೊಂಡು ಬಾ’ ಎನ್ನಿ. ಮಗುವಿಗೆ ಹೆಚ್ಚು ಪರಿಚಯವಿರುವ ಭಾಷೆಯಲ್ಲಿ ಹೇಳಿ. ತಂದರೆ ಒಳ್ಳೆಯ ಲಕ್ಷಣ. ನೀವು ಬೆರಳು ತೋರಿಸಿದರೆ ಮಾತ್ರ ತರುತ್ತದೆ ಎಂದಾದರೆ ಅದು ನಿಮ್ಮ ಕೈ ಓದುತ್ತಿದೆ, ಮಾತನ್ನಲ್ಲ. ಇನ್ನೊಂದು, ಸನ್ನೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದು, ‘ಅಲ್ಲಿ ನೋಡು’ ಎಂಬಂತೆ ತೋರಿಸಿ ನಿಮ್ಮ ಮುಖ ನೋಡುವುದು, ತಲೆ ಅಲ್ಲಾಡಿಸಿ ಬೇಡ ಎನ್ನುವುದು. ತಡವಾಗಿ ಮಾತಾಡುವ ಮಕ್ಕಳಲ್ಲಿ ಅನೇಕರು ಆಮೇಲೆ ತಾವಾಗಿ ಸರಿಹೋಗುತ್ತಾರೆ. ಚೆನ್ನಾಗಿ ಅರ್ಥ ಮಾಡಿಕೊಂಡು ಸನ್ನೆ ಬಳಸುವವರಿಗೆ ಆ ಸಾಧ್ಯತೆ ಜಾಸ್ತಿ. ಯಾವ ಮಗು ಸರಿಹೋಗುತ್ತದೆ ಎಂದು ಮೊದಲೇ ಖಚಿತವಾಗಿ ಹೇಳಲು ಆಗುವುದಿಲ್ಲ. ಅದಕ್ಕೇ ಪರೀಕ್ಷೆ.

ಕೆಲವು ಸಲ ಎರಡು ವರ್ಷದವರೆಗೂ ಕಾಯಬಾರದು. ಒಂದು ವರ್ಷಕ್ಕೂ ಬಬಬ, ದದದ ಎಂಬ ತೊದಲು ಇಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಬೆರಳು ಮಾಡಿಯೋ ಕೈ ಚಾಚಿಯೋ ಏನನ್ನೂ ತೋರಿಸುವುದಿಲ್ಲ ಎಂದಾದರೆ ಆಗಲೇ ಡಾಕ್ಟರಿಗೆ ಹೇಳಿ. ಹದಿನಾರು ತಿಂಗಳಿಗೆ ಯಾವ ಭಾಷೆಯಲ್ಲೂ ಒಂದು ಪದವೂ ಇಲ್ಲದಿದ್ದರೂ ಅಷ್ಟೇ. ಬಂದಿದ್ದ ಪದ ಅಥವಾ ಸನ್ನೆ ನಿಂತುಹೋದರೆ ವಯಸ್ಸು ಎಷ್ಟೇ ಇರಲಿ, ತಕ್ಷಣ ತೋರಿಸಬೇಕು.

ಒಂದು ಸಂದರ್ಭ ಮಾತ್ರ ಬೇರೆ. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಹೊಸ ಭಾಷೆಯ ಶಾಲೆಗೆ ಸೇರಿದ ಮೇಲೆ ಅಲ್ಲಿ ಕೆಲವು ವಾರ, ತಿಂಗಳು ಸುಮ್ಮನಿರಬಹುದು. ಅದು ಹೊಸ ಭಾಷೆಯನ್ನು ಕೇಳಿಸಿಕೊಳ್ಳುವ ಹೊತ್ತು. ನಿಜವಾದ ತೊಂದರೆ ಇದ್ದರೆ ಅದು ಎಲ್ಲ ಭಾಷೆಯಲ್ಲೂ ಕಾಣುತ್ತದೆ.

ಪರೀಕ್ಷೆಗೆ ಹೋಗುವಾಗ

ಮೊದಲು ಕಿವಿ. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಪಾಸಾಗಿತ್ತು ಎಂದು ಬಿಡಬೇಡಿ. ಪದೇ ಪದೇ ಶೀತವಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ನೀರು ನಿಲ್ಲುತ್ತದೆ. ನೋವಿರುವುದಿಲ್ಲ, ಜೋರು ಸದ್ದಿಗೆ ಮಗು ತಿರುಗುತ್ತದೆ, ಆದರೆ ಮಾತಿನ ಸಣ್ಣ ಶಬ್ದಗಳು ಮಸುಕಾಗುತ್ತವೆ. ಮನೆಯಲ್ಲಿ ಚಪ್ಪಾಳೆ ತಟ್ಟಿ ನೋಡಿದರೆ ಇದು ಗೊತ್ತಾಗುವುದಿಲ್ಲ.

ಆಮೇಲೆ ಸ್ಪೀಚ್ ಥೆರಪಿಸ್ಟ್. ನಿಮ್ಮ ಪಟ್ಟಿಯನ್ನು ಭಾಷೆವಾರು ಒಯ್ಯಿರಿ. ಯಾರು, ಯಾವ ಭಾಷೆ, ದಿನಕ್ಕೆ ಎಷ್ಟು ಹೊತ್ತು ಮಾತಾಡುತ್ತಾರೆ ಎಂದೂ ಬರೆದುಕೊಳ್ಳಿ. ಮಗು ಮನೆಯಲ್ಲಿ ಆಡುವ ಐದು ನಿಮಿಷದ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು, ಹೊಸ ಕೋಣೆಯಲ್ಲಿ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಪರೀಕ್ಷೆ ಬಹುತೇಕ ಆಟದ ರೂಪದಲ್ಲೇ ಇರುತ್ತದೆ. ಒಂದೇ ಭಾಷೆಯಲ್ಲಿ ನೋಡಿ ಅಂಕ ಕೊಟ್ಟರೆ ‘ಉಳಿದ ಭಾಷೆಯನ್ನು ಹೇಗೆ ಲೆಕ್ಕಕ್ಕೆ ತಗೊಂಡಿರಿ?’ ಎಂದು ಧೈರ್ಯವಾಗಿ ಕೇಳಿ. ಒಂದೇ ಭಾಷೆಯ ಮಕ್ಕಳಿಗಾಗಿ ಮಾಡಿದ ಅಂಕಪಟ್ಟಿ ಇಲ್ಲಿ ಮೋಸ ಮಾಡುತ್ತದೆ.

ತೊಂದರೆ ಇದೆ ಎಂದು ತಿಳಿದರೂ ಮನೆಮಾತು ನಿಲ್ಲಿಸಬೇಕಿಲ್ಲ. ಮಾತಿನ ತೊಂದರೆ ಇರುವ ಮಕ್ಕಳೂ ಎರಡು ಭಾಷೆ ಕಲಿಯಬಲ್ಲರು. ಅಜ್ಜಿ ತಮಗೆ ಸರಿಯಾಗಿ ಬಾರದ ಭಾಷೆಯಲ್ಲಿ ತಡವರಿಸಿ ನಾಲ್ಕು ಮಾತಾಡುವ ಬದಲು ತಮ್ಮ ಭಾಷೆಯಲ್ಲಿ ಧಾರಾಳವಾಗಿ ಮಾತಾಡಿದರೆ ಮಗುವಿನ ಕಿವಿಗೆ ಹೆಚ್ಚು ಪದ ಬೀಳುತ್ತದೆ. ಥೆರಪಿಯಲ್ಲಿ ಕಲಿಸುವ ಆಟಗಳನ್ನೂ ಮನೆಯವರು ತಮ್ಮ ತಮ್ಮ ಭಾಷೆಯಲ್ಲೇ ಮಾಡಬಹುದು.

ಅಪಾಯಿಂಟ್‌ಮೆಂಟ್ ಸಿಗುವುದು ತಡವಾದರೆ ಪಟ್ಟಿ ಮುಚ್ಚಿಡಬೇಡಿ. ತಿಂಗಳಿಗೊಮ್ಮೆ ಹೊಸ ಪದಗಳನ್ನು ದಿನಾಂಕ ಹಾಕಿ ಸೇರಿಸುತ್ತಾ ಹೋಗಿ. ಮೂರು ತಿಂಗಳಲ್ಲಿ ಪದ ದುಪ್ಪಟ್ಟಾಗಿದೆಯೇ, ನಿಂತಲ್ಲೇ ನಿಂತಿದೆಯೇ ಎನ್ನುವುದು ಥೆರಪಿಸ್ಟ್‌ಗೆ ಒಂದು ದಿನದ ಎಣಿಕೆಗಿಂತ ಹೆಚ್ಚು ಹೇಳುತ್ತದೆ. ಅಷ್ಟರಲ್ಲಿ ‘ಅಪ್ಪ ವಾ’ ಬಂದೇ ಬಿಟ್ಟರೂ ಅಪಾಯಿಂಟ್‌ಮೆಂಟ್ ರದ್ದು ಮಾಡಬೇಡಿ, ಕಿವಿ ಪರೀಕ್ಷೆಯನ್ನಂತೂ ಬಿಡಲೇಬೇಡಿ.