2-2-3 ಶಿಫ್ಟ್: 60 ಗಂಟೆಯ ವಾರವನ್ನು 48ಕ್ಕೆ ಇಳಿಸಿದ್ದು (ನನ್ನ ಅನುಭವ)

ಅಮೆರಿಕದ ನಮ್ಮ ಪ್ಲಾಂಟ್‌ನಲ್ಲಿ ಎಂಟು ಗಂಟೆಯ ಶಿಫ್ಟ್ ಬಿಟ್ಟು ಹನ್ನೆರಡಕ್ಕೆ ಹೋಗೋಣ ಅಂದಾಗ ಪೇರೋಲ್‌ನವರು ಒಪ್ಪಲೇ ಇಲ್ಲ. "ಒಂದು ವಾರ 60 ಗಂಟೆ ಬರುತ್ತೆ, ಓಟಿ ಕೊಟ್ಟು ಪೂರೈಸಲ್ಲ" ಅನ್ನೋದು ಅವರ ವಾದ. ಸೋಮವಾರದಿಂದ ಎಣಿಸಿದರೆ ಅವರ ಮಾತು ನಿಜ. ಸೋಮ-ಮಂಗಳ ಕೆಲಸ, ಬುಧ-ಗುರು ರಜೆ, ಶುಕ್ರ-ಶನಿ-ಭಾನು ಕೆಲಸ. ಮುಂದಿನ ವಾರ ಇದೇ ತಿರುಗುಮುರುಗು. 14 ದಿನಕ್ಕೆ ಏಳು ಶಿಫ್ಟ್, 84 ಗಂಟೆ, ವಾರಕ್ಕೆ ಸರಾಸರಿ 42. ಆದರೆ ಅದು ಬೀಳೋದು 60 ಮತ್ತು 24 ಆಗಿ. ಇಲ್ಲಿನ ಫೆಡರಲ್ ಕಾನೂನು ಸರಾಸರಿ ನೋಡಲ್ಲ, ಒಂದೊಂದು ವಾರದಲ್ಲೂ 40 ದಾಟಿದ್ದಕ್ಕೆ ಒಂದೂವರೆ ಪಟ್ಟು. ಅಲ್ಲಿಗೆ 20 ಗಂಟೆ ಓಟಿ.

ಮೂರು ದಿನದ ಕಂತು ಇಡಿಯಾಗಿ ಒಂದೇ ವಾರದಲ್ಲಿ ಕೂತಿರೋದೇ ತೊಂದರೆ. ವಾರದ ಆರಂಭವನ್ನು ಭಾನುವಾರ ಬೆಳಿಗ್ಗೆ 7ಕ್ಕೆ ಇಟ್ಟೆ. ಈಗ ಸೋಮ, ಮಂಗಳ, ಶುಕ್ರ, ಶನಿ ಒಂದು ವಾರ: 48. ಭಾನು, ಬುಧ, ಗುರು ಇನ್ನೊಂದು: 36. ರೋಸ್ಟರ್ ಅದೇ, ಓಟಿ ಮಾತ್ರ 8 ಗಂಟೆ. ಗಂಟೆಗೆ ಸುಮಾರು 24 ಡಾಲರ್ ಅಂದರೆ ತಲೆಗೆ ಹದಿನೈದು ದಿನಕ್ಕೆ 144 ಡಾಲರ್ ಉಳಿತಾಯ. ನಡುರಾತ್ರಿಗೆ ಇಡಬೇಡಿ, ಶನಿವಾರದ ನೈಟ್ ಶಿಫ್ಟ್ ಎರಡು ತುಂಡಾಗಿ ಪಂಚ್ ಲೆಕ್ಕ ಕೆಡುತ್ತೆ.

ವಾರವನ್ನು ಶಾಶ್ವತವಾಗಿ ಬದಲಿಸಬೇಕು, ಓಟಿ ತಪ್ಪಿಸೋಕೆ ಆಗಾಗ ಆಚೀಚೆ ಎಳೆಯೋ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ದಿನಕ್ಕೆ ಎಂಟು ದಾಟಿದರೇ ಓಟಿ, ಅಲ್ಲಿ ಈ ಲೆಕ್ಕ ನಡೆಯಲ್ಲ.

ಇನ್ನೂ ಹಿಂಡಬಹುದಾ ಅಂತ ಡೇ ಕ್ರೂಗೆ ಶನಿವಾರ ಮಧ್ಯಾಹ್ನ 1ಕ್ಕೆ ವಾರ ಇಟ್ಟು ಕಾಗದದ ಮೇಲೆ ನೋಡಿದೆ. 42-42 ಬರುತ್ತೆ, ಓಟಿ ಬರೀ 4. ಆದರೆ ನೈಟ್ ಕ್ರೂಗೆ ಅದೇ ಗೆರೆ 36-48 ಆಗುತ್ತೆ. ಅವರಿಗೆ ಬೇರೆ ವಾರ ಗೊತ್ತುಮಾಡಬಹುದು, ಕಾನೂನಿನ ಅಡ್ಡಿಯಿಲ್ಲ. ಡೇ-ನೈಟ್ ಬದಲಾಯಿಸುವ ಕ್ರೂ ಇದ್ದರೆ ಮಾತ್ರ ತಲೆನೋವು. ಕೈಬಿಟ್ಟೆ.

ಇಷ್ಟು ಮಾಡಿದರೂ ದುಡ್ಡು ಸೋರೋದು ರಜೆ ಹಾಕಿದವರ ಜಾಗ ತುಂಬುವಾಗ. 48ರ ವಾರದವರನ್ನು ಕರೆದರೆ ಹನ್ನೆರಡೂ ಗಂಟೆ ಓಟಿ, 36ರ ವಾರದವರನ್ನು ಕರೆದರೆ ಎಂಟೇ. ಎರಡು ದಿನದ ರಜೆ ಪೂರ್ತಿ ಕಿತ್ತುಕೊಂಡರೆ ಸತತ ಏಳು ಶಿಫ್ಟ್ ಆಗಿ ಜನ ಕುಸಿಯುತ್ತಾರೆ. ಮೂರು ದಿನದ ರಜೆಯಲ್ಲಿ ಶುಕ್ರ ಇಲ್ಲವೇ ಶನಿವಾರ ಕರೆಯಿರಿ. ಅದೇ ರಜೆಯ ಭಾನುವಾರ ಬೇಡ, ಅದಾಗಲೇ ಮುಂದಿನ 48ರ ವಾರಕ್ಕೆ ಸೇರಿರುತ್ತೆ. ಯಾರನ್ನು ಮೊದಲು ಕರೆಯಬೇಕು ಅನ್ನೋ ಪಟ್ಟಿಯನ್ನು ನಾನು ಹೇಗೆ ಮಾಡ್ತೀನಿ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ.

ಹ್ಯಾಂಡೋವರ್‌ನ ಕಾಲು ಗಂಟೆಯನ್ನೂ ಮರೆಯಬೇಡಿ. ಏಳು ಶಿಫ್ಟ್‌ಗೆ ಒಂದೂಮುಕ್ಕಾಲು ಗಂಟೆ. 48ರ ವಾರಕ್ಕೆ ಬಿದ್ದ ನಾಲ್ಕು ಕಾಲುಗಂಟೆ, ಅಂದರೆ ಒಂದು ಗಂಟೆ, ನೇರ ಓಟಿಗೇ ಹೋಗುತ್ತೆ.