ಫ್ಲಾಟ್ ಶೇ 10 ಎಂದರೆ ನಿಜಕ್ಕೂ ಎಷ್ಟು ಬಡ್ಡಿ?

ಶಿರಸಿಯಲ್ಲಿ ಬೈಕ್ ಕೊಳ್ಳಲು 1,20,000 ರೂಪಾಯಿ ಸಾಲ ಕೇಳಿದ್ದೀರಿ ಎಂದುಕೊಳ್ಳಿ. ಫೈನಾನ್ಸಿನವರು ಹೇಳುವುದು ಇಷ್ಟು: ಶೇ 10 ಫ್ಲಾಟ್ ಬಡ್ಡಿ, ಎರಡು ವರ್ಷ, ತಿಂಗಳಿಗೆ 6,000 ಕಂತು. ಮೊದಲು ಪಡೆದ ಇಡೀ ಸಾಲದ ಮೇಲೆ ವರ್ಷಕ್ಕೆ 12,000ದಂತೆ ಎರಡು ವರ್ಷಕ್ಕೆ 24,000 ಬಡ್ಡಿ. ಲೆಕ್ಕ ಸರಿಯಾಗಿಯೇ ಕಾಣುತ್ತದೆ.

ಅಡಿಕೆ ಬೆಳೆಗಾರರಿಗಂತೂ ಇದರಲ್ಲಿ ಅನುಮಾನವೇ ಬಾರದು. ವರ್ಷದ ಆರಂಭದಲ್ಲಿ ಸಾಲ ತಂದು, ಅಡಿಕೆ ಮಾರಿದ ಮೇಲೆ ಅಸಲು ಬಡ್ಡಿ ಒಟ್ಟಿಗೆ ಕಟ್ಟಿದರೆ ಶೇ 10 ನಿಜವಾಗಿಯೂ ಶೇ 10. ಇಡೀ ದುಡ್ಡು ವರ್ಷಪೂರ್ತಿ ನಿಮ್ಮ ಕೈಯಲ್ಲಿತ್ತಲ್ಲ! ತಿಂಗಳ ಕಂತಿನಲ್ಲಿ ಹಾಗಾಗುವುದಿಲ್ಲ.

ಮೊದಲು ಕಂತನ್ನು ಒಡೆದು ನೋಡಿ. 6,000ದಲ್ಲಿ 5,000 ಅಸಲು, 1,000 ಬಡ್ಡಿ. ಮೊದಲ ತಿಂಗಳು ತಕರಾರಿಲ್ಲ, ಬಾಕಿ 1,20,000 ಇದೆ. ಹದಿಮೂರನೇ ತಿಂಗಳಿಗೆ ಬಾಕಿ 60,000ಕ್ಕೆ ಇಳಿದಿರುತ್ತದೆ, ಬಡ್ಡಿ ಮಾತ್ರ ಅದೇ 1,000. ಅಂದರೆ ವರ್ಷಕ್ಕೆ ಶೇ 20ರ ದರ. ಕೊನೆಯ ತಿಂಗಳು ಬಾಕಿ ಬರೀ 5,000, ಅದಕ್ಕೂ 1,000! ತೀರಿಸಿದ ಸಾಲಕ್ಕೂ ಬಡ್ಡಿ ಕಟ್ಟುತ್ತ ಹೋಗುತ್ತೀರಿ.

ಇದೇ ಸಾಲಕ್ಕೆ ಶೇ 10 ರೆಡ್ಯೂಸಿಂಗ್ ದರವಾದರೆ ಆಯಾ ತಿಂಗಳ ಬಾಕಿಗಷ್ಟೇ ಬಡ್ಡಿ. ಕಂತು ಸುಮಾರು 5,537, ಒಟ್ಟು ಬಡ್ಡಿ ಸುಮಾರು 12,900. ಹೆಚ್ಚುಕಮ್ಮಿ ಅರ್ಧ.

ಮುಂದೆ, ಫ್ಲಾಟ್ ದರದ ಅಸಲಿ ಬೆಲೆ ತಿಳಿಯಲು ಮೊಬೈಲಿನ ಎಕ್ಸೆಲ್‌ನಲ್ಲೋ ಗೂಗಲ್ ಶೀಟ್ಸ್‌ನಲ್ಲೋ ಹೀಗೆ ಟೈಪ್ ಮಾಡಿ:

```
=RATE(24,-6000,120000)*12
```

24 ಕಂತುಗಳ ಸಂಖ್ಯೆ, 6000 ಕಂತು, 120000 ಸಾಲ. ಕಂತಿನ ಹಿಂದಿನ ಮೈನಸ್ ಬಿಟ್ಟರೆ ಉತ್ತರ ಬಾರದು. ಇಲ್ಲಿ ಬರುವುದು 0.18ಕ್ಕಿಂತ ತುಸು ಹೆಚ್ಚು, ಅಂದರೆ ಶೇ 18ರ ಆಸುಪಾಸು. ಪಕ್ಕದ ಸೊಸೈಟಿಯವರು ಶೇ 13 ರೆಡ್ಯೂಸಿಂಗ್ ಎಂದರೆ ದುಬಾರಿ ಎನಿಸೀತು, ಆದರೆ ಅಗ್ಗ ಅದೇ.

ಫೀ ಹೆಸರಿನಲ್ಲಿ 2,400 ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರೆ 120000 ಇದ್ದಲ್ಲಿ ಕೈಗೆ ಬಂದ 117600 ಹಾಕಿ. ದರ ಶೇ 20 ದಾಟುತ್ತದೆ.

ಸಹಿ ಹಾಕುವ ಮೊದಲು ಸಾಲದ ಮುಖ್ಯ ವಿವರಗಳಿರುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೇಳಿ. ರಿಸರ್ವ್ ಬ್ಯಾಂಕಿನ 2024ರ ಏಪ್ರಿಲ್ ಸುತ್ತೋಲೆಯ ಪ್ರಕಾರ, ಬ್ಯಾಂಕು ಮತ್ತು ಹಣಕಾಸು ಕಂಪನಿಗಳು ಇಂಥ ಸಾಲಗಳಿಗೆ ಅದನ್ನು ನಿಮಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು. ಅದರಲ್ಲಿ ಎಪಿಆರ್ ಎಂಬ ಸಾಲಿನಲ್ಲಿರುವುದೇ ಫೀ ಸೇರಿಸಿದ ವಾರ್ಷಿಕ ದರ. ಊರಿನ ಖಾಸಗಿ ಲೇವಾದೇವಿಯವರಿಂದ ಈ ಕಾಗದ ಸಿಗುವುದಿಲ್ಲ. ಅಲ್ಲಿ ಮೇಲಿನ ಸೂತ್ರವೇ ಗತಿ. ಎರಡು ವರ್ಷದೊಳಗೆ ಸಾಲ ಮುಗಿಸುವ ಯೋಚನೆಯಿದ್ದರೆ, ಉಳಿದ ತಿಂಗಳುಗಳ ಬಡ್ಡಿ ಬಿಡುತ್ತಾರೋ ಇಲ್ಲವೋ ಎಂಬುದನ್ನೂ ಆಗಲೇ ಬರೆಸಿಕೊಳ್ಳಿ.