‘ಇದೊಂದನ್ನು ಸೇರಿಸಿಬಿಡಿ’ ಎಂದಾಗ ನಾನು ಬರೆಯುವ ಒಂದು ಪುಟ

ಜವಳಿ ಸಗಟು ವ್ಯಾಪಾರಿಯೊಬ್ಬರಿಗೆ ಬಿಲ್ಲಿಂಗ್ ಮತ್ತು ದಾಸ್ತಾನಿನ ತಂತ್ರಾಂಶ ಮಾಡಿಕೊಡುತ್ತಿದ್ದೆ. ಮೊತ್ತ ಮೊದಲೇ ಗೊತ್ತುಮಾಡಿದ್ದು. ಕೆಲಸ ಅರ್ಧಕ್ಕೆ ಬಂದಾಗ ಯಜಮಾನರ ಫೋನು: “ಇನ್ನೊಂದು ಗೋದಾಮು ಬಾಡಿಗೆಗೆ ಹಿಡಿದಿದ್ದೇವೆ. ಅದನ್ನೂ ಸೇರಿಸಿಬಿಡಿ, ಒಂದು ಕಾಲಂ ತಾನೇ?”

ಇಂಥ ಮಾತಿಗೆ ನಾನು ಫೋನಿನಲ್ಲಿ ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದೂ ಇಲ್ಲ. “ಬರೆದು ಕಳಿಸುತ್ತೇನೆ ಸರ್, ನೋಡಿ ಹೇಳಿ” ಎನ್ನುತ್ತೇನೆ. ಬರೆಯುವುದು ಒಂದು ಪುಟದ ಚೇಂಜ್ ರಿಕ್ವೆಸ್ಟ್. ಅವರು ಕೇಳಿದ್ದೇನು, ಅದು ಎಲ್ಲೆಲ್ಲಿ ತಾಗುತ್ತದೆ, ಎಷ್ಟು ದಿನ, ಎಷ್ಟು ಹಣ ಎಂಬುದಷ್ಟೇ ಅದರಲ್ಲಿರುತ್ತದೆ. ಸಹಿ ಬೀಳುವವರೆಗೆ ಹಳೆಯ ಕೆಲಸವೇ ನಡೆಯುತ್ತದೆ.

ಹಣಕ್ಕಿಂತ ‘ಎಲ್ಲೆಲ್ಲಿ ತಾಗುತ್ತದೆ’ ಎಂಬ ಭಾಗವೇ ಹೆಚ್ಚು ಕೆಲಸ ಮಾಡುತ್ತದೆ. ಗೋದಾಮಿನ ವಿಷಯದಲ್ಲಿ ಹೀಗೆ ಬರೆದೆ: ಈಗ ದಾಸ್ತಾನು ಸರಕಿಗೊಂದು ಲೆಕ್ಕ, ಇನ್ನು ಗೋದಾಮಿಗೊಂದು ಲೆಕ್ಕವಾಗಬೇಕು. ಆದ್ದರಿಂದ ಪ್ರತಿ ಬಿಲ್ಲೂ ಸರಕು ಯಾವ ಗೋದಾಮಿನದೆಂದು ಕೇಳಬೇಕು, ದಾಸ್ತಾನಿನ ವರದಿಗಳೆಲ್ಲ ಬದಲಾಗಬೇಕು. ಒಂದರಿಂದ ಇನ್ನೊಂದಕ್ಕೆ ಸಾಗಿಸಲು ಡೆಲಿವರಿ ಚಲನ್ ಬೇಕು. ಮಾರಾಟವಲ್ಲದಿದ್ದರೂ ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ, ಸಾಗಣೆಗಾಗಿ ಸರ್ಕಾರದ ಜಾಲತಾಣದಲ್ಲಿ ಪಡೆಯುವ ಇ-ವೇ ಬಿಲ್ ಕೂಡ. ಪರೀಕ್ಷೆಯೂ ಸೇರಿ ಎಂಟು ದಿನದ ಕೆಲಸ. ಇದನ್ನು ಓದಿದ ಮೇಲೆ ಯಜಮಾನರು ಕಾಲಂನ ಮಾತೆತ್ತಲಿಲ್ಲ.

ಪುಟದ ಕೊನೆಯಲ್ಲಿ ಮೂರು ದಾರಿ ಕೊಡುತ್ತೇನೆ: ಹೆಚ್ಚುವರಿ ಹಣ ಕೊಟ್ಟು ಗಡುವು ಮುಂದೂಡುವುದು, ಅಷ್ಟೇ ತೂಕದ ಬೇರೊಂದು ಕೆಲಸ ಕೈಬಿಡುವುದು, ಇಲ್ಲವೇ ಎರಡನೇ ಹಂತಕ್ಕೆ ಇಡುವುದು. ದೀಪಾವಳಿ ವ್ಯಾಪಾರಕ್ಕೆ ತಂತ್ರಾಂಶ ಬೇಕೇಬೇಕಿತ್ತು. ಹಾಗಾಗಿ ಅವರು ಏಜೆಂಟರ ಕಮಿಷನ್ ವರದಿಯನ್ನು ಬಿಟ್ಟರು. ಇ-ವೇ ಬಿಲ್ಲಿನ ಸಂಖ್ಯೆಯನ್ನು ಸದ್ಯಕ್ಕೆ ಕೈಯಲ್ಲೇ ಟೈಪ್ ಮಾಡಿಕೊಳ್ಳುವುದಾಗಿ ಒಪ್ಪಿದರು.

ಜಗಳ ಹುಟ್ಟುವುದು ದೋಷ ಯಾವುದು, ಬದಲಾವಣೆ ಯಾವುದು ಎಂಬಲ್ಲಿ. ವಾಪಸು ಬಂದ ಸರಕಿಗೆ ಬಿಲ್ಲಿನ ದರದಲ್ಲೇ ಕ್ರೆಡಿಟ್ ನೋಟ್ ಎಂದು ಒಪ್ಪಂದದಲ್ಲಿತ್ತು. ನಮ್ಮ ತಂತ್ರಾಂಶ ರಿಯಾಯಿತಿ ಕಳೆಯದೆ ತೋರಿಸುತ್ತಿತ್ತು. ಅದು ದೋಷ, ಪುಕ್ಕಟೆಯಾಗಿ ಸರಿಪಡಿಸಿದೆವು. ಅದೇ ಕ್ರೆಡಿಟ್ ನೋಟಿನ ಮೊತ್ತವನ್ನು ಹಲವು ಬಿಲ್ಲುಗಳಿಗೆ ಹಂಚಬೇಕೆಂದು ಅವರ ಮಗ ಕೇಳಿದ್ದು ಬದಲಾವಣೆ. ಮಗ, ಲೆಕ್ಕಿಗರು ಯಾರು ಬೇಕಾದರೂ ಕೇಳಬಹುದು, ಸಹಿ ಮಾತ್ರ ಯಜಮಾನರದೇ ಎಂದು ಮೊದಲೇ ಬರೆಸಿಕೊಂಡಿದ್ದರಿಂದ ಆ ಕೋರಿಕೆ ಅಪ್ಪನ ಮೇಜಿಗೆ ಹೋಗಿ ಅಲ್ಲೇ ಉಳಿಯಿತು.

ಬಿಲ್ಲಿನ ಮೇಲೆ ಲೋಗೋ ದೊಡ್ಡದಾಗಲಿ ಎಂಬಂಥವಕ್ಕೆ ಹಣ ಕೇಳುವುದಿಲ್ಲ. ಆದರೂ ಅವುಗಳಿಗೂ ಸಂಖ್ಯೆ ಕೊಟ್ಟು, ‘ಶುಲ್ಕ: 0’ ಎಂದು ದಾಖಲಿಸುತ್ತೇನೆ. ಗಡುವಿನ ಮಾತು ಬಂದಾಗ ಆ ಪಟ್ಟಿಯನ್ನೇ ಮುಂದಿಡುತ್ತೇನೆ.

ಮೂಲ ಒಪ್ಪಂದದಲ್ಲೇ ‘ದಾಸ್ತಾನು ನಿರ್ವಹಣೆ’ ಎಂಬ ಎರಡೇ ಪದವಿದ್ದರೆ ಇದೊಂದೂ ನಡೆಯದು, ಏಕೆಂದರೆ ಎಲ್ಲವೂ ಅದರೊಳಗೇ ಇದೆ ಎಂದು ಅವರು ವಾದಿಸಬಹುದು. ಅಂಥ ಕಡೆ ಮೊದಲು ಪರದೆ ಪರದೆಯಾಗಿ ಕೆಲಸದ ಪಟ್ಟಿ ಮಾಡಿ, ಅದಕ್ಕೆ ಸಹಿ ಹಾಕಿಸಿಕೊಂಡ ನಂತರವೇ ಮೊದಲ ಚೇಂಜ್ ರಿಕ್ವೆಸ್ಟ್ ಬರೆಯುತ್ತೇನೆ.